ಮೇಡಂ ಹುಟ್ಟುಹಬ್ಬಕ್ಕೆ ಏನು ಬರೆಯೋಣ?

ನಿವೃತ್ತ ಶಿಕ್ಷಕರ ಹುಟ್ಟುಹಬ್ಬಕ್ಕೆ ಬರೆಯಲು ಕೂತಾಗ ಮೊದಲು ಹೊಳೆಯುವುದು ‘ಜ್ಞಾನದ ದೀಪ’, ‘ಬದುಕು ರೂಪಿಸಿದ ಶಿಲ್ಪಿ’ ಎಂಬಂಥ ಮಾತುಗಳೇ. ಹೆಸರೊಂದನ್ನು ಬದಲಿಸಿದರೆ ಅವು ಪಕ್ಕದೂರಿನ ಮೇಷ್ಟ್ರಿಗೂ ಹೊಂದುತ್ತವೆ. ಎಚ್. ನರಸಿಂಹಯ್ಯನವರನ್ನು ಸರಳಜೀವಿ ಎಂದರೆ ಯಾರಿಗೂ ಏನೂ ಕಾಣದು. ಅಮೆರಿಕದಲ್ಲಿ ಭೌತವಿಜ್ಞಾನದ ಪಿಎಚ್.ಡಿ. ಪಡೆದವರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ ಬಾಳಿದರು ಎಂದರೆ ಮನುಷ್ಯ ಎದುರಿಗೆ ಬಂದು ನಿಲ್ಲುತ್ತಾರೆ.

ನಮಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಮೇಡಂ ಬಗ್ಗೆ ಬರೆಯುವಾಗ ಹಳೆಯ ಸಹಪಾಠಿಗಳಿಗೆ ಫೋನ್ ಮಾಡಿದೆ. ‘ಮೇಡಂ ಹೇಗಿದ್ದರು?’ ಎಂದು ಕೇಳಿದರೆ ‘ತುಂಬಾ ಒಳ್ಳೆಯವರು’ ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ‘ನಿನ್ನ ನೋಟ್‌ಬುಕ್ ಹೇಗೆ ತಿದ್ದುತ್ತಿದ್ದರು?’ ಎಂದು ಕೇಳಿದ ಮೇಲೆ ಬಾಯಿ ಬಿಟ್ಟರು. ಲೆಕ್ಕ ತಪ್ಪಿದ್ದರೆ ಮೇಡಂ ಇಡೀ ಪುಟಕ್ಕೆ ಕಾಟು ಹೊಡೆಯುತ್ತಿರಲಿಲ್ಲ. ಎಲ್ಲಿಯವರೆಗೆ ಸರಿಯಿದೆಯೋ ಅಲ್ಲಿಯವರೆಗೆ ಸರಿ ಗುರುತು, ತಪ್ಪಿದ ಸಾಲಿನ ಕೆಳಗೆ ಒಂದು ಕೆಂಪು ಗೆರೆ. ಅಲ್ಲಿಂದ ಮುಂದೆ ನಾವೇ ಮತ್ತೆ ಮಾಡಿಕೊಂಡು ಬರಬೇಕು. ಬ್ಯಾಂಕಿನಲ್ಲಿರುವ ಗೆಳತಿ ಇವತ್ತಿಗೂ ಲೆಕ್ಕ ತಾಳೆಯಾಗದಿದ್ದರೆ ಮೊದಲಿಂದ ಶುರುಮಾಡದೆ, ಸರಿಯಿದ್ದ ಕೊನೆಯ ಸಾಲನ್ನೇ ಹುಡುಕುತ್ತಾಳಂತೆ. ನನಗೆ ಇಷ್ಟು ಸಾಕಾಯಿತು. ಮೇಡಂ ತಾಳ್ಮೆಯವರು ಎಂದು ಬೇರೆ ಬರೆಯುವ ಅಗತ್ಯ ಬೀಳಲಿಲ್ಲ.

ಒಬ್ಬರ ನೆನಪನ್ನು ಇನ್ನೊಬ್ಬರ ಹತ್ತಿರ ಕೇಳಿ ನೋಡುವುದು ಒಳ್ಳೆಯದು. ಎಷ್ಟೋ ಸಲ ಬೇರೆ ಶಿಕ್ಷಕರು ಮಾಡಿದ್ದು ಇವರ ಹೆಸರಿಗೆ ಸೇರಿಕೊಂಡಿರುತ್ತದೆ. ಇಬ್ಬರು ಎರಡು ಥರ ಹೇಳಿದರೆ ಆ ಪ್ರಸಂಗವನ್ನು ಬಿಟ್ಟುಬಿಡಿ. ಮೇಷ್ಟ್ರು ಗುಟ್ಟಾಗಿ ಯಾರದೋ ಫೀಸು ಕಟ್ಟಿದ್ದನ್ನು ಬರೆಯಬೇಕೆನಿಸಿದರೆ, ಆ ವಿದ್ಯಾರ್ಥಿಯ ಒಪ್ಪಿಗೆ ಬೇಕು. ಮೇಷ್ಟ್ರು ಮುಚ್ಚಿಟ್ಟಿದ್ದು ಆ ಹುಡುಗನ ಮಾನಕ್ಕಾಗಿ.

ತಾರೀಖಿನದು ಇನ್ನೊಂದು ತೊಡಕು. ಹಿಂದಿನ ತಲೆಮಾರಿನ ಅನೇಕರಿಗೆ ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರು ಅಂದಾಜಿನಲ್ಲಿ ಬರೆದ ದಿನವೇ ಜನ್ಮದಿನವಾಯಿತು. ಸರ್ಕಾರಿ ಕೆಲಸದಲ್ಲಿದ್ದವರು ನಿವೃತ್ತರಾಗುವುದೂ ಆ ದಾಖಲೆಯ ಪ್ರಕಾರವೇ. ಮನೆಯವರು ಪಾಯಸ ಮಾಡುವ ದಿನ ಬೇರೆಯೇ ಇರಬಹುದು. ಹಾಗಾಗಿ ಮಗನನ್ನೋ ಸೊಸೆಯನ್ನೋ ಮೊದಲೇ ಕೇಳಿಕೊಳ್ಳಿ. ಮನೆಯಲ್ಲಿ ಆಚರಿಸುವ ದಿನವೇ ನಿಮ್ಮ ಬರಹ ಕೈಸೇರಿದರೆ ಆ ಸಂತೋಷವೇ ಬೇರೆ.

ಉದ್ದ ಬೇಡ, ಒಂದು ಪುಟ ಸಾಕು. ಅಕ್ಷರ ದಪ್ಪಗಿರಲಿ. ಕೊನೆಯಲ್ಲಿ ‘ಆಯುರಾರೋಗ್ಯ ದೊರಕಲಿ’ ಎಂದು ಬರೆದ ಮೇಲೆ ಒಂದು ಪ್ರಶ್ನೆಯನ್ನೂ ಕೇಳಿ. ಶುಭಾಶಯಕ್ಕೆ ‘ಸಂತೋಷ ಕಣಪ್ಪ’ ಎಂಬ ಉತ್ತರ ಬರುತ್ತದೆ, ಪ್ರಶ್ನೆಗೆ ಮಾತುಕತೆಯೇ ಶುರುವಾಗುತ್ತದೆ. ‘ತಪ್ಪಿದ ಸಾಲಿಗೆ ಮಾತ್ರ ಗೆರೆ ಹಾಕುವುದನ್ನು ನಿಮಗೆ ಯಾರು ಕಲಿಸಿದರು ಮೇಡಂ?’ ಎಂದು ನಾನು ಬರೆದಿದ್ದೆ. ಮರುದಿನ ಬೆಳಿಗ್ಗೆಯೇ ಅವರ ಫೋನ್ ಬಂತು. ತಮ್ಮ ಮೇಷ್ಟ್ರ ವಿಷಯವನ್ನು ಅರ್ಧ ಗಂಟೆ ಹೇಳಿದರು.