ಉಂಗುರದ ಅಳತೆ ಮನೆಯಲ್ಲೇ

ಬೆರಳಿನ ಅಳತೆಗೆ ದಾರ ಬೇಡ, ಎಳೆದರೆ ಹಿಗ್ಗುತ್ತದೆ. ಮಾಡಿಸಬೇಕಾದ ಉಂಗುರ ಎಷ್ಟು ಅಗಲವೋ ಅಷ್ಟೇ ಅಗಲದ ಕಾಗದದ ಪಟ್ಟಿ ಕತ್ತರಿಸಿ. ತೆಳು ಪಟ್ಟಿಯಲ್ಲಿ ಅಳೆದು ಮಾಡಿಸಿದ ಅಗಲದ ಉಂಗುರ ಬೆರಳಿಗೆ ಬಿಗಿಯಾಗುತ್ತದೆ. ಪಟ್ಟಿಯನ್ನು ಬೆರಳಿನ ಬುಡಕ್ಕೆ ಸುತ್ತಿ, ಕೂಡುವಲ್ಲಿ ಗುರುತು ಹಾಕಿ, ಬಿಡಿಸಿ ಸ್ಕೇಲಿನಲ್ಲಿ ಮಿಲಿಮೀಟರ್ ನೋಡಿ. ಅದರಲ್ಲಿ 40 ಕಳೆದರೆ ನಮ್ಮ ಅಂಗಡಿಗಳ ನಂಬರ್ ಸಿಗುತ್ತದೆ.

ಸೆಕೆಗೆ, ಉಪ್ಪಿನ ಊಟಕ್ಕೆ ಬೆರಳು ಊದುತ್ತದೆ, ಚಳಿಗೆ ಸಣ್ಣದಾಗುತ್ತದೆ. ಹಾಗಾಗಿ ಹೊತ್ತು ಬದಲಿಸಿ ಅಳೆಯಿರಿ. ಬೆಳಗ್ಗೆ 53, ಸೆಕೆಯ ಮಧ್ಯಾಹ್ನ 55, ಸಂಜೆ 54 ಬಂದರೆ 14ನೇ ನಂಬರ್ ಸರಿ. ಗೆಣ್ಣಿನ ಸುತ್ತಳತೆ 57 ಇದ್ದರೆ ಮಾತ್ರ ಅದು ದಾಟುವುದು ಕಷ್ಟ; 15 ಅಥವಾ 16 ಹೇಳಿ. ಗೆಣ್ಣಿನಲ್ಲಿ ತುಸು ತಡೆದು ಹೊರಬರುವ ಉಂಗುರವೇ ಸರಿಯಾದ ಅಳತೆಯದು. ಗರ್ಭಿಣಿಯರು ಊತ ಇಳಿದ ಮೇಲೆ ಅಳೆಯುವುದು ಒಳ್ಳೆಯದು.