‘ಒಂದು ವಾರ’ ಎಂಬ ವಾಯಿದೆ ಮತ್ತು 24 ದಿನಗಳ ಲೆಕ್ಕ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಅನೇಕ ಮನೆಗಳಲ್ಲಿ ಆಡುವುದು ತೆಲುಗು, ಶಾಲೆಯಲ್ಲಿ ಕಲಿಯುವುದು ಕನ್ನಡ. ಈ ಎರಡು ನುಡಿಗಳ ಬಲದಿಂದಲೇ ಬೆಂಗಳೂರಿನ ಪ್ರಕಾಶಕರಿಗೆ ಅನುವಾದ ಮಾಡಿಕೊಟ್ಟು ಸಂಪಾದಿಸುವ ತರುಣ ತರುಣಿಯರು ಇಲ್ಲಿದ್ದಾರೆ. ಇವರಿಗೆ ನೇಮಕಾತಿ ಆದೇಶವಿಲ್ಲ, ರಜೆಯ ನಿಯಮವಿಲ್ಲ. ಕೆಲಸ ತಡವಾದಾಗ ಇವರ ಕೈಯಲ್ಲಿರುವುದು ಒಂದು ಪತ್ರ ಮಾತ್ರ. ಅದನ್ನು ಹೇಗೆ ಬರೆಯಬೇಕೆಂಬುದನ್ನು ಯಾರೂ ಕಲಿಸುವುದಿಲ್ಲ.

ಕಳೆದ ವರ್ಷದ ಜೂನ್ 18ರ ಸಂಜೆ ಶ್ರೀನಿವಾಸಪುರದ ಪರಿಚಿತ ಯುವತಿಯೊಬ್ಬರು ಇಂಥದೊಂದು ಪತ್ರದ ಕರಡನ್ನು ನನಗೆ ತೋರಿಸಿದರು. ತೆಲುಗಿನ ತೋಟಗಾರಿಕೆ ಕೈಪಿಡಿಯೊಂದರ 180 ಪುಟಗಳನ್ನು 30 ದಿನಗಳಲ್ಲಿ, ಅಂದರೆ ಜೂನ್ 30ರೊಳಗೆ, ಕನ್ನಡಿಸಿಕೊಡಲು ಆಕೆ ಒಪ್ಪಿದ್ದರು. ಅಂದಿಗೆ ಮುಗಿದಿದ್ದುದು 80 ಪುಟ. “ಅನಿವಾರ್ಯ ಕಾರಣಗಳಿಂದ ತಡವಾಗಿದೆ, ಒಂದು ವಾರ ಹೆಚ್ಚು ಕೊಡಿ” ಎಂದು ಕರಡಿನಲ್ಲಿತ್ತು. ಒಂದು ವಾರವೇ ಏಕೆ ಎಂದು ಕೇಳಿದೆ. “ಜಾಸ್ತಿ ಕೇಳಿದರೆ ಬೇಜಾರು ಮಾಡ್ಕೋತಾರೆ ಸಾರ್” ಎಂದರು.

ಸೇವೆಯಲ್ಲಿದ್ದಾಗ ಗುತ್ತಿಗೆದಾರರ ಕಾಲಾವಧಿ ವಿಸ್ತರಣೆಯ ಅರ್ಜಿಗಳನ್ನು ನಾನು ಸಾಕಷ್ಟು ಓದಿದ್ದೇನೆ. ಸರ್ಕಾರಿ ಕಾಮಗಾರಿಗಳಲ್ಲಿ ಯಾವ ದಿನ, ಏಕೆ ಕೆಲಸ ನಿಂತಿತೆಂಬುದನ್ನು ಬರೆದಿಡುವ ಅಡಚಣೆ ವಹಿ ಇರುತ್ತದೆ. ಅರ್ಜಿಯ ಬೆಲೆ ನಿಲ್ಲುವುದು ಆ ವಹಿಯ ಮೇಲೆ, ವಿನಯದ ಮೇಲಲ್ಲ. ಆದ್ದರಿಂದ ನಾವು ಮೊದಲು ಲೆಕ್ಕಕ್ಕೆ ಕುಳಿತೆವು.

18 ದಿನಗಳಲ್ಲಿ 5 ದಿನ ಮನೆಯ ಮಾವಿನ ಕೊಯ್ಲಿಗೆ ಹೋಗಿದ್ದವು. ಉಳಿದ 13 ದಿನಗಳಲ್ಲಿ 80 ಪುಟವೆಂದರೆ ದಿನಕ್ಕೆ ಸುಮಾರು 6 ಪುಟ. ಅದೇ ವೇಗದಲ್ಲಿ ಬಾಕಿ 100 ಪುಟಗಳಿಗೆ 17 ದಿನ ಬೇಕು. ಇಡೀ ಪ್ರತಿಯ ಪರಿಷ್ಕರಣೆಗೆ 4 ದಿನ. ವಿದ್ಯುತ್ತು, ಅನಾರೋಗ್ಯಗಳಂಥ ಅಡಚಣೆಗಳಿಗೆ 3 ದಿನ. ಒಟ್ಟು 24 ದಿನ. ಜೂನ್ 19ರಿಂದ ಎಣಿಸಿದರೆ ಜುಲೈ 12. ಆಗ ನಿಜವಾದ ಕಾರಣವೂ ಹೊರಬಿತ್ತು. ವಿಳಂಬದ 12 ದಿನಗಳಲ್ಲಿ ಕೊಯ್ಲಿನ ಪಾಲು 5 ಮಾತ್ರ. ಪರಿಷ್ಕರಣೆಗೂ ಅಡಚಣೆಗೂ ಒಂದು ದಿನವನ್ನೂ ಹಿಡಿಯದೆ ಅವಧಿಗೆ ಒಪ್ಪಿಕೊಂಡದ್ದರ ಪಾಲು 7.

ಹೊಸದಾಗಿ ಬರೆದ ಪತ್ರ ಹೀಗಿತ್ತು: “ಮಾನ್ಯರೇ, ಅನುವಾದವನ್ನು ಜೂನ್ 30ಕ್ಕೆ ಒಪ್ಪಿಸಲು ನನ್ನಿಂದಾಗುವುದಿಲ್ಲ. 180 ಪುಟಗಳಲ್ಲಿ 80 ಮುಗಿದಿವೆ. ಕೊಯ್ಲಿನಿಂದ 5 ದಿನ ಕೆಲಸ ನಿಂತಿತು. ಪರಿಷ್ಕರಣೆಯ ಕಾಲವನ್ನು ಲೆಕ್ಕಕ್ಕೆ ಹಿಡಿಯದಿದ್ದುದು ನನ್ನ ತಪ್ಪು. ಮೊದಲ 80 ಪುಟಗಳನ್ನು ಪರಿಷ್ಕರಿಸಿ ಜೂನ್ 20ರಂದು, ಪೂರ್ಣ ಪ್ರತಿಯನ್ನು ಜುಲೈ 12ರಂದು ಕಳುಹಿಸುತ್ತೇನೆ. ಮುದ್ರಣದ ದಿನ ಮುಂದೆ ಹೋಗುವಂತಿಲ್ಲವಾದರೆ, ಬಾಕಿಯಲ್ಲಿ ಒಂದು ಭಾಗವನ್ನು ಬೇರೊಬ್ಬರಿಗೆ ಕೊಡಲು ನನ್ನ ಅಭ್ಯಂತರವಿಲ್ಲ; ಸಂಭಾವನೆ ಅಷ್ಟು ಕಡಿಮೆಯಾಗಲಿ. ಈ ದಿನಾಂಕ ಸಮ್ಮತವೇ ಎಂಬುದನ್ನು ದಯವಿಟ್ಟು ಬರೆದು ತಿಳಿಸಿ.”

ಕೊನೆಯ ವಾಕ್ಯ ಬರಿಯ ಶಿಷ್ಟಾಚಾರವಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 63ನೆಯ ಪ್ರಕರಣದಂತೆ, ಕೆಲಸ ಪಡೆಯಬೇಕಾದವರು ಅವಧಿಯನ್ನು ವಿಸ್ತರಿಸಬಹುದು. ಬಾಯಿಮಾತಿನ ಒಪ್ಪಿಗೆಯನ್ನು ಆಮೇಲೆ ರುಜುವಾತುಪಡಿಸುವುದು ಕಷ್ಟ; ಬರಹದಲ್ಲಿದ್ದರೆ ಹೊಸ ದಿನಾಂಕವೇ ಕರಾರಿನ ದಿನಾಂಕವಾಗುತ್ತದೆ. ವಿಸ್ತರಣೆ ಸಿಗದಿದ್ದರೆ 55ನೆಯ ಪ್ರಕರಣ ಎದುರಾಗುತ್ತದೆ. ಕಾಲವೇ ಕರಾರಿನ ಜೀವಾಳವಾಗಿದ್ದಲ್ಲಿ, ಉದಾಹರಣೆಗೆ ನಿಗದಿತ ದಿನದ ಮೇಳಕ್ಕೆ ಬೇಕಾದ ಕರಪತ್ರವಾಗಿದ್ದಲ್ಲಿ, ಕೆಲಸ ಕೊಟ್ಟವರು ಕರಾರನ್ನೇ ರದ್ದುಮಾಡಬಹುದು. ಅಷ್ಟು ಮುಖ್ಯವಲ್ಲದ ಕಡೆ ರದ್ದುಮಾಡಲಾಗದು, ಆದರೆ ವಿಳಂಬದಿಂದಾದ ನಷ್ಟಕ್ಕೆ ಪರಿಹಾರ ಕೇಳಬಹುದು. ಇಂಥ ಕೆಲಸಗಳಲ್ಲಿ ಆ ಪರಿಹಾರ ವಸೂಲಾಗುವುದು ನ್ಯಾಯಾಲಯದಲ್ಲಲ್ಲ; ಸಂಭಾವನೆಯಲ್ಲಿ ಸದ್ದಿಲ್ಲದೆ ಕಡಿತವಾಗುತ್ತದೆ.

ಕೇಳಿದ್ದು ಒಂದೇ ವಾರವಾಗಿದ್ದರೆ ಏನಾಗುತ್ತಿತ್ತು? ಜುಲೈ 7ರಂದು ಅನುವಾದವೇನೋ ಕೊನೆ ಮುಟ್ಟುತ್ತಿತ್ತು, ಪರಿಷ್ಕರಣೆ ಉಳಿಯುತ್ತಿತ್ತು. ಆಕೆ ತಿದ್ದದ ಪ್ರತಿಯನ್ನು ಕೊಡಬೇಕಾಗುತ್ತಿತ್ತು, ಇಲ್ಲವೇ ಎರಡನೆಯ ಬಾರಿ ಅವಧಿ ಕೇಳಬೇಕಾಗುತ್ತಿತ್ತು. ಮೊದಲ ವಿಳಂಬವನ್ನು ಗ್ರಾಹಕರು ಸಾಮಾನ್ಯವಾಗಿ ಸಹಿಸುತ್ತಾರೆ, ಏಕೆಂದರೆ ಅದಕ್ಕೆ ತಕ್ಕಂತೆ ಮುದ್ರಣವನ್ನು ಹೊಂದಿಸಿಕೊಳ್ಳಬಹುದು. ಹೊಂದಿಸಿಕೊಂಡ ದಿನವೂ ತಪ್ಪಿದಾಗ ಮಾತ್ರ ಮುಂದಿನ ಕೆಲಸ ಬೇರೆಯವರ ಪಾಲಾಗುತ್ತದೆ.

ಪ್ರಕಾಶಕರು ಮರುದಿನವೇ ಒಪ್ಪಿಗೆಯನ್ನು ಬರೆದು ಕಳುಹಿಸಿದರು. 12 ದಿನ ಮೊದಲೇ ತಿಳಿದದ್ದರಿಂದ ಮುದ್ರಣಾಲಯದ ಸರದಿಯನ್ನು ಬದಲಿಸಿಕೊಂಡರು. ಕೈಸೇರಿದ 80 ಪುಟಗಳ ಪುಟವಿನ್ಯಾಸವನ್ನೂ ಆರಂಭಿಸಿದರು. ಕಾದಿರಿಸಿದ್ದ 3 ದಿನಗಳಲ್ಲಿ 2 ದಿನ ವಿದ್ಯುತ್ ಕೈಕೊಟ್ಟಿತು. ಪೂರ್ಣ ಪ್ರತಿ ಜುಲೈ 11ರಂದು ತಲುಪಿತು. ಸಂಭಾವನೆ ಕಡಿತವಿಲ್ಲದೆ ಬಂದಿತು.

ಈಗ ಆಕೆಯ ಮೇಜಿನ ಮೇಲೆ ಒಂದು ಸಣ್ಣ ನೋಟುಪುಸ್ತಕವಿದೆ. ದಿನದ ಪುಟಗಳು, ನಿಂತ ದಿನ, ನಿಂತ ಕಾರಣ ಅದರಲ್ಲಿ ದಾಖಲಾಗುತ್ತವೆ. ಮುಂದಿನ ಕರಾರಿಗೆ ಆಕೆ ಅವಧಿ ಕೇಳಿದ್ದು ಆ ಪುಸ್ತಕವನ್ನು ತೆರೆದು ನೋಡಿದ ಮೇಲೆಯೇ.