ಮಡಿಕೆಯ ಗೆರೆ: ಶಾಲೆಯ ಶೂ ಆರಿಸುವ ಬಗೆ

ಹೋದ ವರ್ಷದ ಶಾಲೆಯ ಶೂ ಮನೆಯಲ್ಲಿ ಇನ್ನೂ ಉಳಿದಿದ್ದರೆ ಒಂದನ್ನು ಕೈಗೆತ್ತಿಕೊಂಡು ಮೇಲಿನಿಂದ ನೋಡಿ. ಪಟ್ಟಿಗೂ ಮೂತಿಗೂ ನಡುವೆ ಅಡ್ಡಲಾಗಿ ಎರಡು ಮೂರು ಸುಕ್ಕುಗಳು ಕಾಣುತ್ತವೆ. ವರ್ಷವಿಡೀ ಮಗುವಿನ ಪಾದ ಮಡಿಚಿದ್ದು ಅಲ್ಲೇ. ಈಗ ಶೂ ತಿರುಗಿಸಿ ಅಟ್ಟೆ ನೋಡಿ. ಅಲ್ಲೂ ಒಂದು ಮಡಿಕೆಯ ಗೆರೆ ಇರುತ್ತದೆ. ಕೆಲವೊಮ್ಮೆ ಅದು ಬಿರುಕಾಗಿ ಮಳೆನೀರು ಒಳಗೆ ಬಿಟ್ಟಿರುತ್ತದೆ. ಮೇಲಿನ ಸುಕ್ಕಿನ ನೇರಕ್ಕೇ ಕೆಳಗಿನ ಗೆರೆಯಿದ್ದರೆ ಆ ಶೂ ಆ ಕಾಲಿಗೆ ಹೊಂದಿತ್ತು. ಎರಡೂ ಬೇರೆ ಬೇರೆ ಕಡೆ ಬಿದ್ದಿದ್ದರೆ ಪಾದ ಒಂದು ಕಡೆ, ಶೂ ಇನ್ನೊಂದು ಕಡೆ ಮಡಿಚುತ್ತ ವರ್ಷ ಕಳೆದಿವೆ ಎಂದರ್ಥ.

ಶೂ ಅಂಗಡಿಯಲ್ಲಿ ನಾವು ಉದ್ದ ನೋಡುತ್ತೇವೆ, ಬೆಲೆ ನೋಡುತ್ತೇವೆ, ಹೊಳಪು ನೋಡುತ್ತೇವೆ. ಈ ಗೆರೆಯನ್ನು ನೋಡುವವರು ಕಡಿಮೆ. ಶೂ ಹಿತವಾಗಿರುವುದಕ್ಕೂ ಬಾಳಿಕೆ ಬರುವುದಕ್ಕೂ ಮೊದಲು ನೋಡಬೇಕಾದದ್ದು ಇದನ್ನೇ.

ಪಾದ ಮಡಿಚುವುದು ಒಂದೇ ಕಡೆ

ಮಗು ನಡೆಯುವಾಗ ಹಿಮ್ಮಡಿ ಮೇಲೇಳುತ್ತದೆ, ಭಾರವೆಲ್ಲ ಬೆರಳುಗಳ ಬುಡಕ್ಕೆ ಬರುತ್ತದೆ, ಪಾದ ಅಲ್ಲಿ ಬಾಗುತ್ತದೆ. ಹಿಮ್ಮಡಿಯಿಂದ ಅಳೆದರೆ ಆ ಜಾಗ ಪಾದದ ಉದ್ದದಲ್ಲಿ ಸುಮಾರು ಶೇಕಡ 70ರಷ್ಟು ಮುಂದಿದೆ. ಪಾದದ ನಡುಭಾಗ ಮಾತ್ರ ಆ ಹೊತ್ತಿನಲ್ಲಿ ಗಟ್ಟಿಯಾಗಿ ನಿಂತು, ಸನ್ನೆಗೋಲಿನ ಹಾಗೆ ಮೈಯನ್ನು ಮುಂದಕ್ಕೆ ತಳ್ಳುತ್ತದೆ.

ಅಂಗಡಿಯಲ್ಲಿ ಶೂವಿನ ಹಿಮ್ಮಡಿಯನ್ನು ಒಂದು ಕೈಯಲ್ಲೂ ಮೂತಿಯನ್ನು ಇನ್ನೊಂದು ಕೈಯಲ್ಲೂ ಹಿಡಿದು ಮೆಲ್ಲಗೆ ಮೇಲಕ್ಕೆ ಬಾಗಿಸಿ ನೋಡಿ. ಹೆಚ್ಚು ಬಲ ಹಾಕದೆಯೇ, ಬೆರಳ ಬುಡ ಬರುವ ಕಡೆ ಅದು ಬಾಗಬೇಕು. ಎಷ್ಟು ಒತ್ತಿದರೂ ಬಾಗದಿದ್ದರೆ ಮಗು ಹೆಜ್ಜೆ ಹೆಜ್ಜೆಗೂ ಅಟ್ಟೆಯೊಡನೆ ಗುದ್ದಾಡಬೇಕು. ಹಿಮ್ಮಡಿ ಶೂವಿನಿಂದ ಮೇಲಕ್ಕೆ ಜಾರಿ ಜಾರಿ ಹಿಂಭಾಗದಲ್ಲಿ ಗುಳ್ಳೆ ಏಳುತ್ತದೆ. ನಟ್ಟನಡುವೆ ಪುಸ್ತಕದಂತೆ ಮಡಿಚಿಕೊಂಡರೂ ಬೇಡ. ಗಟ್ಟಿಯಾಗಿ ನಿಲ್ಲಬೇಕಾದ ನಡುಭಾಗಕ್ಕೆ ಅಲ್ಲಿ ಆಸರೆಯೇ ಇಲ್ಲ. ಆಮೇಲೆ ಒದ್ದೆ ಟವೆಲ್ ಹಿಂಡುವಂತೆ ಶೂವನ್ನು ತಿರುಚಿ ನೋಡಿ. ತುಸು ತಿರುಚಿ ಅಲ್ಲಿಗೇ ನಿಂತರೆ ಸರಿ, ಪೂರ್ತಿ ತಿರುಗಿಬಿಟ್ಟರೆ ಸರಿಯಲ್ಲ. ಹಿಮ್ಮಡಿಯನ್ನು ಅಪ್ಪಿಕೊಳ್ಳುವ ಹಿಂಭಾಗವನ್ನು ಎರಡು ಬೆರಳಲ್ಲಿ ಒತ್ತಿದರೆ ಅದು ಕುಸಿಯಕೂಡದು.

'ಮುಂದಿನ ವರ್ಷಕ್ಕೂ ಆಗಲಿ'

ಮಗಳು ಒಂದನೇ ತರಗತಿಗೆ ಸೇರಿದಾಗ ನಾನೂ ಎಲ್ಲರಂತೆ ಎರಡು ಸೈಜ್ ದೊಡ್ಡ ಶೂ ಕೊಂಡಿದ್ದೆ. ಮೂತಿಗೆ ಹತ್ತಿ ತುರುಕಿ ಕಳಿಸಿದೆ. ಹದಿನೈದು ದಿನದಲ್ಲಿ ಎರಡು ಸಲ ಮೆಟ್ಟಿಲಲ್ಲಿ ಮುಗ್ಗರಿಸಿದಳು. ಹತ್ತಿ ಮುಂದಿನ ಖಾಲಿ ಜಾಗ ತುಂಬಿತ್ತು ನಿಜ, ಆದರೆ ಮಡಿಕೆಯ ಗೆರೆಯನ್ನು ಹಿಂದಕ್ಕೆ ತಂದಿರಲಿಲ್ಲ.

ಲೆಕ್ಕ ಹಾಕಿದರೆ ತಪ್ಪು ಎಲ್ಲಿ ಎಂದು ತಿಳಿಯುತ್ತದೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಬ್ರಿಟಿಷ್ ಅಳತೆ. ಅದರಲ್ಲಿ ಒಂದು ಸೈಜ್ ಎಂದರೆ ಇಂಚಿನ ಮೂರನೇ ಒಂದು ಭಾಗ, ಸುಮಾರು 8.5 ಮಿಲಿಮೀಟರ್. ಎರಡು ಸೈಜ್ ದೊಡ್ಡದು ಕೊಂಡರೆ ಶೂ 17 ಮಿಲಿಮೀಟರ್ ಉದ್ದವಾಗುತ್ತದೆ, ಅದು ಬಾಗುವ ಜಾಗ ಸುಮಾರು 12 ಮಿಲಿಮೀಟರ್ ಮುಂದೆ ಹೋಗುತ್ತದೆ. ಪಾದ ಬಾಗಬೇಕಾದ ಕಡೆ ಅಟ್ಟೆ ಗಟ್ಟಿ, ಅಟ್ಟೆ ಬಾಗುವ ಕಡೆ ಬೆರಳುಗಳು. ಸಡಿಲವಾದ ಶೂ ಕಳಚದಿರಲೆಂದು ಮಗು ಬೆರಳುಗಳನ್ನು ಮುದುರಿ ಹಿಡಿಯುತ್ತದೆ, ಕಾಲೆಳೆದು ನಡೆಯುತ್ತದೆ, ಮೂತಿ ನೆಲಕ್ಕೆ ಉಜ್ಜಿ ಬೇಗ ಸವೆಯುತ್ತದೆ. ಎರಡು ವರ್ಷ ಬರಲಿ ಎಂದು ಕೊಂಡದ್ದು ಒಂದು ವರ್ಷವನ್ನೂ ನೆಟ್ಟಗೆ ಮುಗಿಸುವುದಿಲ್ಲ.

ಚಿಕ್ಕ ಶೂವಿನ ಕಾಟ ಬೇರೆ ತರಹದ್ದು, ಅದು ಕಣ್ಣಿಗೆ ಬೀಳುವುದಿಲ್ಲ. ಆರೇಳು ವರ್ಷದ ಮಗುವಿನ ಪಾದದ ಮೂಳೆಗಳಲ್ಲಿ ಇನ್ನೂ ಸಾಕಷ್ಟು ಮೃದ್ವಸ್ಥಿ ಇರುತ್ತದೆ. ಅವು ಪೂರ್ತಿ ಗಟ್ಟಿಯಾಗುವುದು ಹದಿಹರೆಯದಲ್ಲಿ. ಹಾಗಾಗಿ ಪಾದ ಒತ್ತಡಕ್ಕೆ ಒಗ್ಗಿಬಿಡುತ್ತದೆ, ಮಗು 'ನೋವು' ಅನ್ನುವುದೇ ಇಲ್ಲ. 'ಸರಿಯಾಗಿದೆಯಾ ಪುಟ್ಟಿ?' ಎಂದು ಕೇಳಿದರೆ ಹೊಸ ಶೂವಿನ ಖುಷಿಯಲ್ಲಿ 'ಹ್ಞೂಂ' ಅಂದೇ ಅನ್ನುತ್ತದೆ. ಅಂಗಡಿಯವರು ಮೂತಿಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡುವುದನ್ನೂ ಪೂರ್ತಿ ನಂಬಬೇಡಿ. ಒತ್ತಿದ ಕೂಡಲೇ ಮಕ್ಕಳು ಬೆರಳುಗಳನ್ನು ಒಳಕ್ಕೆ ಎಳೆದುಕೊಳ್ಳುತ್ತಾರೆ.

ರಟ್ಟಿನ ಪಟ್ಟಿ

ಇದಕ್ಕೆ ಮನೆಯಲ್ಲೇ ಒಂದು ಉಪಾಯವಿದೆ. ಮಗು ಎರಡನೇ ತರಗತಿಗೆ ಹೋಗುವಾಗ ನಾವು ಮಾಡಿದ್ದು ಹೀಗೆ.

ಸಂಜೆ ಹೊತ್ತು, ಆಡಿ ಬಂದ ಮೇಲೆ, ಶಾಲೆಯ ಕಾಲುಚೀಲ ಹಾಕಿಸಿ ಮಗಳನ್ನು ಗೋಡೆಗೆ ಹಿಮ್ಮಡಿ ತಾಗಿಸಿ ನಿಲ್ಲಿಸಿದೆವು. ದಿನವಿಡೀ ಓಡಾಡಿದ ಪಾದ ತುಸು ಊದಿರುತ್ತದೆ, ನಿಂತಾಗ ಭಾರಕ್ಕೆ ಹರಡಿ ಉದ್ದವಾಗುತ್ತದೆ. ಕೂರಿಸಿ ಅಳೆದರೆ ಅಳತೆ ಕಡಿಮೆ ಬರುತ್ತದೆ. ಪಾದದ ಕೆಳಗೆ ಕಾಗದವಿಟ್ಟು ಅತಿ ಉದ್ದದ ಬೆರಳಿನ ತುದಿಗೆ ಗುರುತು ಹಾಕಿದೆವು. ಕೆಲವು ಮಕ್ಕಳಿಗೆ ಹೆಬ್ಬೆರಳಿಗಿಂತ ಪಕ್ಕದ ಬೆರಳೇ ಉದ್ದ, ಅದನ್ನು ಮರೆಯಬಾರದು. ಎಡಗಾಲು 18.4 ಸೆಂಟಿಮೀಟರ್ ಬಂತು, ಬಲಗಾಲು 18.7. ಎಣಿಕೆಗೆ ಹಿಡಿಯಬೇಕಾದದ್ದು ದೊಡ್ಡ ಕಾಲನ್ನು.

ನಡೆಯುವಾಗ ಪಾದ ಮುಂದಕ್ಕೆ ಸರಿಯಲು ಮತ್ತು ಬೆಳೆಯಲು 12 ಮಿಲಿಮೀಟರ್ ಸೇರಿಸಿ, 19.9 ಸೆಂಟಿಮೀಟರ್ ಉದ್ದದ ಪಟ್ಟಿಯೊಂದನ್ನು ಹಳೆಯ ನೋಟ್‌ಬುಕ್ಕಿನ ರಟ್ಟಿನಿಂದ ಕತ್ತರಿಸಿದೆವು. ಬೆರಳಗಲದ ಪಟ್ಟಿ, ಮುಂದಿನ ತುದಿ ದುಂಡಗೆ.

ಬ್ರಿಟಿಷ್ ಅಳತೆಯಲ್ಲಿ ಮಕ್ಕಳ 11ನೇ ನಂಬರು ಸುಮಾರು 19.5 ಸೆಂಟಿಮೀಟರ್, 12 ಎಂದರೆ 20.3. 13 ಆದ ಮೇಲೆ ಎಣಿಕೆ ಮತ್ತೆ 1ರಿಂದ ಶುರುವಾಗುತ್ತದೆ. ನಮಗೆ ಬೇಕಾದದ್ದು 12. ಆದರೆ ಮೊದಲ ಅಂಗಡಿಯ 12ರೊಳಗೆ ಪಟ್ಟಿ ಚಪ್ಪಟೆಯಾಗಿ ಕೂರಲೇ ಇಲ್ಲ, ನಡುವೆ ಡೊಂಕಾಯಿತು. ಹೊರಗೆ ಬರೆದ ನಂಬರಿಗೂ ಒಳಗಿನ ಉದ್ದಕ್ಕೂ ಹೀಗೆ ವ್ಯತ್ಯಾಸ ಬರುವುದುಂಟು. ಎರಡನೇ ಅಂಗಡಿಯ 12ರಲ್ಲಿ ಪಟ್ಟಿ ನೆಟ್ಟಗೆ ಕೂತು ಮುಂದೆ ಒಂದಿಷ್ಟೇ ಇಷ್ಟು ಜಾಗ ಉಳಿಯಿತು. ಅದನ್ನೇ ಹಾಕಿಸಿ ಅಂಗಡಿಯ ಉದ್ದಕ್ಕೂ ನಡೆಸಿದೆವು. ಒಳಗಿನ ಮೆತ್ತೆ ಹೊರಬರುವಂಥದ್ದಾಗಿತ್ತು. ಅದನ್ನು ತೆಗೆದು ನೆಲದ ಮೇಲಿಟ್ಟು ಮಗಳನ್ನು ಅದರ ಮೇಲೆ ನಿಲ್ಲಿಸಿದಾಗ ಕಿರುಬೆರಳು ಅಂಚು ದಾಟಲಿಲ್ಲ. ಅಗಲವೂ ಸರಿಯಿದೆ ಎಂದು ಹಾಗೆ ಗೊತ್ತಾಯಿತು.

ಶಾಲೆಗೆ ಹೋಗುವ ಚಿಕ್ಕ ಮಕ್ಕಳ ಪಾದ ವರ್ಷಕ್ಕೆ ಸರಿಸುಮಾರು ಒಂದು ಸೈಜಿನಷ್ಟು ಬೆಳೆಯುತ್ತದೆ. ಜೂನ್‌ನಲ್ಲಿ ಮುಂದೆ 16 ಮಿಲಿಮೀಟರ್ ಜಾಗವಿದ್ದ ಶೂ ಮಾರ್ಚ್‌ಗೆ ಒಂಬತ್ತು ಹತ್ತು ಮಿಲಿಮೀಟರಿಗೆ ಇಳಿದಿರುತ್ತದೆ. ಅಂದರೆ ಸರಿಯಾಗಿ ಆರಿಸಿದ ಶೂವಿನ ಆಯಸ್ಸು ಒಂದು ಶಾಲಾ ವರ್ಷ. ಆದರೆ ಎಲ್ಲ ಮಕ್ಕಳೂ ಒಂದೇ ಸಮನೆ ಬೆಳೆಯುವುದಿಲ್ಲ. ದಸರಾ ರಜೆಯಲ್ಲೊಮ್ಮೆ, ಸಂಕ್ರಾಂತಿ ಹೊತ್ತಿಗೊಮ್ಮೆ ಪಾದ ಅಳೆದು ನೋಡಿ. ಪಾದಕ್ಕಿಂತ 6 ಮಿಲಿಮೀಟರ್ ಉದ್ದದ ಪಟ್ಟಿಯೂ ಶೂವಿನೊಳಗೆ ಹಿಡಿಸದಿದ್ದರೆ ಶೂ ಎಷ್ಟೇ ಹೊಸದಾಗಿ ಕಾಣಲಿ, ಕಾಲು ಅದನ್ನು ಮೀರಿದೆ.

ಬೆವರು ಮತ್ತು ಮಳೆ

ಸಾಮಾನ್ಯವಾಗಿ ಸಿಗುವ ಕಪ್ಪು ಶೂಗಳ ಮೇಲ್ಭಾಗ ತೊಗಲಲ್ಲ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಬಳಿದ ರೆಕ್ಸಿನ್. ಒಳಗಿನ ಕತ್ತರಿಸಿದ ಅಂಚು ಕಂಡರೆ ಗುರುತಿಸುವುದು ಸುಲಭ: ನೇಯ್ಗೆ ಕಂಡರೆ ರೆಕ್ಸಿನ್, ನಾರುನಾರಾಗಿದ್ದರೆ ತೊಗಲು. ರೆಕ್ಸಿನ್ ಮಳೆಹನಿಯನ್ನು ತಡೆಯುತ್ತದೆ, ಆದರೆ ಬೆವರಿನ ಆವಿಯನ್ನೂ ಹೊರಬಿಡುವುದಿಲ್ಲ. ತೊಗಲು ಬಿಡುತ್ತದೆ, ಬೆಲೆ ಹೆಚ್ಚು. ಶನಿವಾರದ ಬಿಳಿ ಕ್ಯಾನ್ವಾಸ್ ಶೂ ಎಲ್ಲಕ್ಕಿಂತ ಹೆಚ್ಚು ಗಾಳಿಯಾಡುವಂಥದ್ದು, ಬೇಗ ಒಣಗುವಂಥದ್ದು. ಮಳೆಯಲ್ಲಿ ಅಷ್ಟೇ ಬೇಗ ತೋಯುತ್ತದೆ.

ಗಾಳಿಯಾಡುತ್ತದೆಯೇ ಎಂದು ತಿಳಿಯಲು ಕೈಯೇ ಸಾಕು. ಶಾಲೆಯಿಂದ ಬಂದಾಗ ಒಳಗೆ ತೇವವಿದ್ದರೆ ಅದು ಸಹಜ. ಮರುದಿನ ಬೆಳಿಗ್ಗೆಯೂ ಒಳಗೆ ಕೈಯಿಟ್ಟರೆ ತೇವ ತಾಗಿದರೆ ಶೂ ಒಣಗುತ್ತಿಲ್ಲ. ಬೆರಳ ಸಂದುಗಳಲ್ಲಿ ತುರಿಕೆ, ಬಿಳಿಚಿದ ಚರ್ಮ ಶುರುವಾಗುವುದು ಹೀಗೆ. ಮೆತ್ತೆ ಹೊರತೆಗೆದು ಒಣಗಿಸಿ, ತೊಯ್ದ ಶೂವಿನೊಳಗೆ ಹಳೆಯ ಪತ್ರಿಕೆ ತುರುಕಿ ನೆರಳಲ್ಲಿಡಿ, ಒಂದೆರಡು ಗಂಟೆಗೆ ಕಾಗದ ಬದಲಿಸಿ. ಒಲೆಯ ಪಕ್ಕದಲ್ಲೋ ಸುಡುಬಿಸಿಲಲ್ಲೋ ಇಟ್ಟರೆ ಅಂಟು ಬಿಡುತ್ತದೆ, ತೊಗಲು ಬಿರಿಯುತ್ತದೆ. ಕಾಲುಚೀಲದಲ್ಲಿ ಹತ್ತಿಯ ಪಾಲು ಹೆಚ್ಚಿರಲಿ, ಅದೂ ಬೆರಳನ್ನು ಎಳೆದು ಮುದುರಿಸುವಷ್ಟು ಚಿಕ್ಕದಾಗಿರದಿರಲಿ. ಮಲೆನಾಡು, ಕರಾವಳಿಯ ಎಡೆಬಿಡದ ಮಳೆಗೆ ಮುಚ್ಚಿದ ಶೂ ಯಾವುದೂ ತಕ್ಕದ್ದಲ್ಲ; ಶಾಲೆ ಒಪ್ಪಿದರೆ ಆ ತಿಂಗಳುಗಳಲ್ಲಿ ಹಿಂದೆ ಪಟ್ಟಿಯಿರುವ ಸ್ಯಾಂಡಲ್ ಮೇಲು.

ಮೊದಲು ಹೋಗುವುದು ಯಾವುದು?

ಶೂ ಸಾಯುವುದು ಸಾಮಾನ್ಯವಾಗಿ ಮೂರು ಕಡೆ: ಮೂತಿ ಸವೆಯುತ್ತದೆ, ಮಡಿಕೆಯಲ್ಲಿ ಅಟ್ಟೆ ಸೀಳುತ್ತದೆ, ಪಟ್ಟಿ ಅಂಟುವುದನ್ನು ಬಿಡುತ್ತದೆ. ಅಟ್ಟೆಯ ಅಂಚು ಮೂತಿಯ ಮೇಲೆ ತುಸು ಹತ್ತಿಬಂದಿದ್ದರೆ ಮೊದಲನೆಯದಕ್ಕೆ ತಡೆ. ಪಟ್ಟಿ ಹಿಡಿಯದಿದ್ದರೆ ಸಂದಿನಲ್ಲಿ ಸಿಕ್ಕ ನೂಲು, ಮಣ್ಣನ್ನು ಹಳೆಯ ಬಾಚಣಿಗೆಯಿಂದ ತೆಗೆದು ನೋಡಿ. ಆಗದಿದ್ದರೆ ಚಪ್ಪಲಿ ಹೊಲಿಯುವವರು ಪಟ್ಟಿಯನ್ನಷ್ಟೇ ಬದಲಿಸಿಕೊಡುತ್ತಾರೆ.

ಅಟ್ಟೆ ಸೀಳುವುದನ್ನು ಮಾತ್ರ ಕೊಳ್ಳುವಾಗಲೇ ನೋಡಿಕೊಳ್ಳಬೇಕು. ಅಗ್ಗದ ಪಿವಿಸಿ ಅಟ್ಟೆ ಬೇಗ ಸವೆಯುವುದಿಲ್ಲ, ಆದರೆ ಭಾರ; ಚಳಿಗೆ ಇನ್ನಷ್ಟು ಗಟ್ಟಿಯಾಗುತ್ತದೆ, ಒದ್ದೆ ನೆಲದಲ್ಲಿ ಜಾರುತ್ತದೆ. ಇವಿಎ ಅಟ್ಟೆ ಹಗುರ, ಮೆತ್ತಗೆ, ಆದರೆ ಬೇಗ ಸವೆದು ಚಪ್ಪಟೆಯಾಗುತ್ತದೆ. ರಬ್ಬರ್ ಮತ್ತು ಟಿಪಿಆರ್ ಬಾಗುತ್ತವೆ, ನೆಲವನ್ನೂ ಹಿಡಿಯುತ್ತವೆ. ಪಿಯು ಅಟ್ಟೆ ಹಗುರವಾಗಿ ಚೆನ್ನಾಗಿರುತ್ತದೆ, ಆದರೆ ವರ್ಷಗಟ್ಟಲೆ ಗೋದಾಮಿನಲ್ಲಿ ತೇವಕ್ಕೆ ಕೂತರೆ ಹಾಕಿದ ಕೆಲವೇ ದಿನಗಳಲ್ಲಿ ಪುಡಿಯಾಗಿ ಉದುರಬಹುದು. ರಿಯಾಯಿತಿ ಮಾರಾಟದ ಶೂ ಕೊಳ್ಳುವಾಗ ಡಬ್ಬದ ಮೇಲಿನ ತಯಾರಿಕೆಯ ತಿಂಗಳು, ವರ್ಷ ಓದಿ. ಅಂಗಡಿಯಲ್ಲಿ ಶೂ ಬಾಗಿಸಿದಾಗಲೇ ಅಟ್ಟೆಗೂ ಮೇಲ್ಭಾಗಕ್ಕೂ ನಡುವೆ ಸಂದು ಬಾಯಿಬಿಟ್ಟರೆ ಅದು ಮಳೆಗಾಲ ದಾಟುವುದಿಲ್ಲ.

ಅಕ್ಕನ ಶೂ ತಂಗಿಗೆ ಆಗುತ್ತದೆಯೇ ಎಂಬುದಕ್ಕೂ ಉತ್ತರ ಅದೇ ಗೆರೆಯಲ್ಲಿದೆ. ನಾಲ್ಕೇ ಸಲ ಹಾಕಿದ ಶೂ ಆದರೆ ಧಾರಾಳವಾಗಿ ಕೊಡಿ. ಸುಕ್ಕು ಆಳವಾಗಿ ಬಿದ್ದು ಹಿಮ್ಮಡಿ ಒಂದು ಬದಿಗೆ ಸವೆದಿದ್ದರೆ ಅದು ಅಕ್ಕನ ಕಾಲಿನ ಅಚ್ಚು; ತಂಗಿಯ ಪಾದ ಅಲ್ಲಿ ಬಾಗುವುದಿಲ್ಲ.